ಎತ್ತರದ ಲೆಕ್ಕ: 8.3 ಎಂಬ ಸಂಖ್ಯೆಯ ಒಳಗೆ ಏನಿದೆ?



ಮಾನಕ ವಿಚಲನೆಯನ್ನು ಲೆಕ್ಕ ಹಾಕುವುದು ನಮ್ಮ ಮಕ್ಕಳಿಗೆ ಚೆನ್ನಾಗಿ ಬರುತ್ತದೆ. ಲೆಕ್ಕ ಮುಗಿದು ಉತ್ತರದ ಕೆಳಗೆ ಎರಡು ಗೆರೆ ಎಳೆದ ಮೇಲೆ ಆ ಉತ್ತರ ಏನು ಹೇಳುತ್ತಿದೆ ಎಂದು ಕೇಳಿದರೆ ಮಾತ್ರ ಮೌನ. ಈ ಮೌನಕ್ಕೆ ಮಕ್ಕಳಿಗಿಂತ ಅವರ ಪ್ರಾಜೆಕ್ಟಿಗೆ ಅಂಕ ಕೊಡುವ ನಮ್ಮ ಪದ್ಧತಿಯೇ ಹೆಚ್ಚು ಕಾರಣವೆಂಬುದು ನನ್ನ ಅಭಿಪ್ರಾಯ. ಸೂತ್ರಕ್ಕೆ, ಕೋಷ್ಟಕಕ್ಕೆ, ಅಂದವಾದ ನಕ್ಷೆಗೆ ಅಂಕಗಳು ಹಂಚಿಹೋಗುತ್ತವೆ. ‘ತೀರ್ಮಾನ’ ಎಂಬ ಕೊನೆಯ ನಾಲ್ಕು ಸಾಲುಗಳನ್ನು ಯಾರೂ ಓದುವುದಿಲ್ಲ. ಆದರೆ ಅಳತೆಗೆ ಒಳಗಾದ ಮಕ್ಕಳ ಮನಸ್ಸಿಗೆ ನಾಟುವುದು ಆ ನಾಲ್ಕು ಸಾಲುಗಳೇ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಹಿರಿಯರು ಹೇಳಿದ್ದಾರೆ. ಕಣ್ಣಿಗೆ ಕಂಡದ್ದಕ್ಕೇ ಈ ಎಚ್ಚರ ಬೇಕಾದರೆ, ಕ್ಯಾಲ್ಕುಲೇಟರಿನಿಂದ ಹೊರಬಿದ್ದ ಸಂಖ್ಯೆಗೆ ಎಷ್ಟು ಬೇಡ?

ಒಂದು ಉದಾಹರಣೆಯನ್ನು ಎದುರಿಗಿಟ್ಟುಕೊಂಡೇ ಮಾತನಾಡೋಣ. ನನ್ನ ಅಕ್ಕನ ಮೊಮ್ಮಗಳು ಹನ್ನೊಂದನೆಯ ತರಗತಿಯಲ್ಲಿದ್ದಾಳೆ. ಸಹಪಾಠಿಗಳ ಎತ್ತರವನ್ನು ಅಳೆದು ಸರಾಸರಿ, ಮಾನಕ ವಿಚಲನೆ ಮತ್ತು ಬಾಕ್ಸ್ ಪ್ಲಾಟ್ ಸಿದ್ಧಪಡಿಸುವುದು ಅವಳ ಪ್ರಾಜೆಕ್ಟು. ಅವಳ ವಿಭಾಗದಲ್ಲಿ 10 ಹುಡುಗಿಯರು, 10 ಹುಡುಗರು. ಸೆಂಟಿಮೀಟರಿನಲ್ಲಿ ಅವರ ಎತ್ತರಗಳು ಹೀಗಿವೆ:

ಹುಡುಗಿಯರು: 147, 150, 151, 152, 153, 154, 156, 157, 158, 162

ಹುಡುಗರು: 160, 163, 165, 166, 168, 168, 169, 171, 173, 177

ಇಪ್ಪತ್ತನ್ನೂ ಒಟ್ಟುಗೂಡಿಸಿ ಅವಳು ಕಂಡುಕೊಂಡದ್ದು: ಸರಾಸರಿ 161 ಸೆಂ.ಮೀ., ಮಾನಕ ವಿಚಲನೆ 8.3 ಸೆಂ.ಮೀ. ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಪಕ್ಕದ ವಿಭಾಗದವರು ತಮ್ಮ ಮಾನಕ ವಿಚಲನೆ 5.1 ಎಂದು ಹೇಳಿದ್ದರಂತೆ. ಅದನ್ನು ಹೋಲಿಸಿ ಅವಳು ಹೀಗೆ ತೀರ್ಮಾನ ಬರೆದಿದ್ದಳು: ‘ನಮ್ಮ ವಿಭಾಗದ ವಿದ್ಯಾರ್ಥಿಗಳ ಬೆಳವಣಿಗೆಯಲ್ಲಿ ಬಹಳ ಏರುಪೇರಿದೆ. ಪೌಷ್ಟಿಕ ಆಹಾರದ ವ್ಯತ್ಯಾಸ ಇದಕ್ಕೆ ಕಾರಣವಿರಬಹುದು.’ ಇದರ ಕೆಳಗೆ, ಸರಾಸರಿಗಿಂತ ಕಡಿಮೆ ಎತ್ತರದವರ ಕ್ರಮಸಂಖ್ಯೆಗಳ ಪಟ್ಟಿಯೊಂದಿತ್ತು. ಆ ಪಟ್ಟಿಯಲ್ಲಿದ್ದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಹುಡುಗಿಯರು.

ಮೊದಲು ಮಾನಕ ವಿಚಲನೆ ಎಂಬುದು ಯಾವುದರ ಅಳತೆ ಎಂಬುದನ್ನು ನೆನಪಿಸಿಕೊಳ್ಳೋಣ. ಪ್ರತಿಯೊಬ್ಬರ ಎತ್ತರವೂ ಸರಾಸರಿಯಿಂದ ಎಷ್ಟು ದೂರವಿದೆ ಎಂದು ನೋಡಿ, ಆ ದೂರಗಳನ್ನು ವರ್ಗ ಮಾಡಿ, ವರ್ಗಗಳ ಸರಾಸರಿ ತೆಗೆದು, ಕೊನೆಗೆ ವರ್ಗಮೂಲಕ್ಕೆ ಇಳಿಸಿದಾಗ ಬರುವ ಸಂಖ್ಯೆ ಅದು. ವರ್ಗಮೂಲ ತೆಗೆದದ್ದರಿಂದ ಅದು ಮತ್ತೆ ಸೆಂಟಿಮೀಟರಿಗೆ ಬರುತ್ತದೆ. ಸರಾಸರಿಯಿಂದ ಮಕ್ಕಳು ಸಾಮಾನ್ಯವಾಗಿ ಎಷ್ಟು ದೂರದಲ್ಲಿದ್ದಾರೆ ಎಂಬುದರ ಒಂದು ಅಂದಾಜು ಎಂದು ತಿಳಿದರೆ ಸಾಕು. ಆದರೆ ಅದು ಆ ದೂರಗಳ ನೇರ ಸರಾಸರಿಯಲ್ಲ. ಈ ತರಗತಿಯಲ್ಲಿ ದೂರಗಳ ನೇರ ಸರಾಸರಿ 7.2 ಸೆಂ.ಮೀ.; ಮಾನಕ ವಿಚಲನೆ 8.3. ವರ್ಗ ಮಾಡಿದಾಗ ದೂರದಲ್ಲಿರುವವರ ತೂಕ ಹೆಚ್ಚುವುದೇ ಈ ವ್ಯತ್ಯಾಸಕ್ಕೆ ಕಾರಣ. ಇದನ್ನು ನೆನಪಿಡಿ, ಮುಂದೆ ಮತ್ತೆ ಬೇಕಾಗುತ್ತದೆ.

ಈಗ ಅದೇ ಲೆಕ್ಕವನ್ನು ಹುಡುಗಿಯರಿಗೆ ಬೇರೆ, ಹುಡುಗರಿಗೆ ಬೇರೆ ಮಾಡಿ ನೋಡೋಣ. ಹುಡುಗಿಯರ ಸರಾಸರಿ 154, ಮಾನಕ ವಿಚಲನೆ 4.1. ಹುಡುಗರ ಸರಾಸರಿ 168, ಮಾನಕ ವಿಚಲನೆ 4.7. ಎರಡು ಗುಂಪುಗಳಲ್ಲಿ ಯಾವುದರ ಹರಡುವಿಕೆಯೂ 5 ದಾಟುವುದಿಲ್ಲ. ಹಾಗಾದರೆ ಒಟ್ಟು ತರಗತಿಗೆ 8.3 ಬಂದದ್ದು ಎಲ್ಲಿಂದ?

ಮಾನಕ ವಿಚಲನೆಯನ್ನು ವರ್ಗ ಮಾಡಿದರೆ ಅದರ ಮೂಲವನ್ನು ಪಾಲು ಮಾಡಿ ತೋರಿಸಬಹುದು. ಒಟ್ಟು ತರಗತಿಯ ವರ್ಗ ವಿಚಲನೆಗಳ ಸರಾಸರಿ 68.5. ಹುಡುಗಿಯರ ಗುಂಪಿನೊಳಗಿನದು 17.2, ಹುಡುಗರ ಗುಂಪಿನೊಳಗಿನದು 21.8. ಗುಂಪುಗಳು ಸಮನಾಗಿರುವುದರಿಂದ ಇವೆರಡರ ಸರಾಸರಿ 19.5. ಉಳಿದ 49 ಎಲ್ಲಿಯದು? ಎರಡು ಗುಂಪುಗಳ ಸರಾಸರಿಗಳೂ ಒಟ್ಟು ಸರಾಸರಿಯಾದ 161ರಿಂದ 7 ಸೆಂ.ಮೀ. ದೂರದಲ್ಲಿವೆ, ಒಂದು ಕೆಳಗೆ, ಇನ್ನೊಂದು ಮೇಲೆ. ಏಳರ ವರ್ಗ 49. ಕೂಡಿಸಿ ನೋಡಿ: 19.5 + 49 = 68.5. ಪೈಸೆ ಬಿಡದ ಲೆಕ್ಕ!

ಅಂದರೆ ನಮ್ಮ ಹುಡುಗಿ ‘ಏರುಪೇರು’ ಎಂದು ಕರೆದದ್ದರಲ್ಲಿ ಮುಕ್ಕಾಲು ಪಾಲಿಗೆ ಹತ್ತಿರದಷ್ಟು, ಆ ವಯಸ್ಸಿನ ಹುಡುಗರೂ ಹುಡುಗಿಯರೂ ಒಂದೇ ಕೊಠಡಿಯಲ್ಲಿ ಕುಳಿತಿದ್ದಾರೆ ಎಂಬ ಸಂಗತಿಯ ಇನ್ನೊಂದು ಹೆಸರು. ಇದಕ್ಕೆ ಊಟದ ವ್ಯತ್ಯಾಸವನ್ನು ಹುಡುಕಬೇಕಾಗಿಲ್ಲ. ಹುಡುಗಿಯರು ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಜಿಗಿದು ಬೆಳೆಯುತ್ತಾರೆ; ಹದಿನಾರರ ಹೊತ್ತಿಗೆ ಅವರ ಬೆಳವಣಿಗೆ ಬಹುಪಾಲು ಮುಗಿದಿರುತ್ತದೆ, ಹುಡುಗರು ಅವರನ್ನು ದಾಟಿರುತ್ತಾರೆ. ಇದೇ ಪ್ರಾಜೆಕ್ಟನ್ನು ಆರನೆಯ ತರಗತಿಯಲ್ಲಿ ಮಾಡಿದರೆ ಎರಡು ಸರಾಸರಿಗಳೂ ಹತ್ತಿರ ಹತ್ತಿರ ಬರಬಹುದು. ಹುಡುಗಿಯರೇ ಒಂದು ಕೈ ಮೇಲಿರುವುದೂ ಉಂಟು. ಇನ್ನು ಪಕ್ಕದ ವಿಭಾಗದ 5.1ರ ಗುಟ್ಟು ಕೇಳಿದಾಗ ತಿಳಿಯಿತು: ಆ ವಿಭಾಗದಲ್ಲಿ ಒಬ್ಬ ಹುಡುಗಿಯೂ ಇಲ್ಲ. ಅದನ್ನು ಹೋಲಿಸಬೇಕಾದದ್ದು ನಮ್ಮ 8.3ರೊಡನೆ ಅಲ್ಲ, ನಮ್ಮ ಹುಡುಗರ 4.7ರೊಡನೆ. ಹಾಗೆ ಹೋಲಿಸಿದರೆ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಉಳಿಯುವುದಿಲ್ಲ.

‘ಆದರೆ ತಾತ, ನಾನು 68 ಪರ್ಸೆಂಟ್ ನಿಯಮದಿಂದ ಚೆಕ್ ಮಾಡಿದ್ದೇನೆ, ಸರಿಯಾಗಿದೆಯಲ್ಲ?’ ಎಂಬುದು ಅವಳ ಪ್ರಶ್ನೆ. ಇದು ಜಾಣ ಪ್ರಶ್ನೆ. ಗಂಟೆಯಾಕಾರದ ಹಂಚಿಕೆಯಲ್ಲಿ ಸರಾಸರಿಯ ಎರಡೂ ಬದಿಗೆ ಒಂದೊಂದು ಮಾನಕ ವಿಚಲನೆಯ ಅಂತರದೊಳಗೆ ನೂರಕ್ಕೆ ಸುಮಾರು 68 ಮಂದಿ ಇರುತ್ತಾರೆ. ಅವಳ ತರಗತಿಯಲ್ಲಿ 152.7ರಿಂದ 169.3ರವರೆಗೆ 13 ಮಂದಿ, ಅಂದರೆ ನೂರಕ್ಕೆ 65. ಹತ್ತಿರವೇ ಇದೆ! ಆದ್ದರಿಂದ ‘ನಮ್ಮ ತರಗತಿಯ ಎತ್ತರ ಗಂಟೆಯಾಕಾರದಲ್ಲಿ ಹಂಚಿಕೆಯಾಗಿದೆ’ ಎಂದು ಅವಳು ಬರೆದುಬಿಟ್ಟಿದ್ದಳು. ಇಲ್ಲಿರುವ ತೊಡಕೆಂದರೆ, ಗಂಟೆಯಾಕಾರವಿದ್ದರೆ 68 ಬರುತ್ತದೆ ಎಂಬುದು ನಿಜ. ಸುಮಾರು 68 ಬಂದರೆ ಗಂಟೆಯಾಕಾರವೇ ಇರಬೇಕೆಂಬುದು ನಿಜವಲ್ಲ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ; ಅಂಗಳ ಒದ್ದೆಯಾಗಿದೆಯೆಂದು ಮಳೆ ಬಂದಿದೆ ಎನ್ನಲಾಗದು, ಯಾರೋ ನೀರು ಚಿಮುಕಿಸಿರಬಹುದು. ಎರಡು ಗುಂಪುಗಳ ಮಿಶ್ರಣವೂ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ.

ಇದಕ್ಕಿಂತ ಸರಳವಾದ ಪರೀಕ್ಷೆಯೊಂದಿದೆ. ಒಂದು ಗೆರೆ ಎಳೆದು, 145ರಿಂದ 180ರವರೆಗೆ ಗುರುತು ಹಾಕಿ, ಪ್ರತಿ ಮಗುವಿಗೂ ಒಂದು ಚುಕ್ಕಿ ಇಡಿ. ಹುಡುಗಿಯರಿಗೆ ಒಂದು ಬಣ್ಣ, ಹುಡುಗರಿಗೆ ಇನ್ನೊಂದು. ಒಂದೇ ಬಣ್ಣದಲ್ಲಿ ಇಟ್ಟರೆ ಇಪ್ಪತ್ತೇ ಚುಕ್ಕಿಗಳಲ್ಲಿ ಗುಟ್ಟು ಸುಲಭವಾಗಿ ಬಯಲಾಗುವುದಿಲ್ಲ. ಇಬ್ಬಣ್ಣದಲ್ಲಿ ಇಟ್ಟ ಕೂಡಲೇ ಎರಡು ಗುಂಪುಗಳು ಕಣ್ಣಿಗೆ ಬೀಳುತ್ತವೆ. 160ರ ಒಬ್ಬ ಹುಡುಗನೂ 162ರ ಒಬ್ಬ ಹುಡುಗಿಯೂ ಮಾತ್ರ ಒಬ್ಬರನ್ನೊಬ್ಬರು ದಾಟಿ ನಿಂತಿದ್ದಾರೆ. ತರಗತಿಯ ‘ಸರಾಸರಿ’ಯಾದ 161 ಸೆಂ.ಮೀ. ಎತ್ತರದ ಮಗು ಒಂದೂ ಇಲ್ಲ.

ಇನ್ನು ಬಾಕ್ಸ್ ಪ್ಲಾಟಿಗೆ ಬರೋಣ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಇದು ನಮ್ಮ ಪುಸ್ತಕಗಳಲ್ಲಿ ಇರಲಿಲ್ಲವಾದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳಿಗಾಗಿ ಎರಡು ಮಾತು. ಇದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ, ಮುಖ್ಯವಾಗಿ 1977ರ ತಮ್ಮ ಪುಸ್ತಕದ ಮೂಲಕ. ಅಳತೆಗಳನ್ನು ಏರಿಕೆ ಕ್ರಮದಲ್ಲಿ ಬರೆಯಿರಿ. ನಟ್ಟನಡುವಿನದು ಮಧ್ಯಾಂಕ. ಕೆಳಗಿನ ಅರ್ಧದ ಮಧ್ಯಾಂಕ ಮೊದಲ ಚತುರ್ಥಕ, ಮೇಲಿನ ಅರ್ಧದ ಮಧ್ಯಾಂಕ ಮೂರನೆಯ ಚತುರ್ಥಕ. ಈ ಎರಡು ಚತುರ್ಥಕಗಳ ನಡುವೆ ಒಂದು ಪೆಟ್ಟಿಗೆ ಬರೆದು, ಮಧ್ಯಾಂಕದಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ನಡುವಿನ ಅರ್ಧದಷ್ಟು ಮಕ್ಕಳು ಪೆಟ್ಟಿಗೆಯೊಳಗೆ ಇರುತ್ತಾರೆ. ಪೆಟ್ಟಿಗೆಯ ಎರಡು ತುದಿಗಳಿಂದ ಹೊರಡುವ ಗೆರೆಗಳಿಗೆ ಮಕ್ಕಳು ಮೀಸೆ ಎನ್ನುತ್ತಾರೆ. ಪೆಟ್ಟಿಗೆಯ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಇರುವ ಕೊನೆಯ ಅಳತೆಯವರೆಗೆ ಮೀಸೆ ಚಾಚುತ್ತದೆ. ಅದನ್ನು ಮೀರಿದ್ದನ್ನು ಪ್ರತ್ಯೇಕ ಚುಕ್ಕಿಯಾಗಿ ತೋರಿಸಬೇಕು.

ಇಡೀ ತರಗತಿಗೆ ಒಂದೇ ಪೆಟ್ಟಿಗೆ ಬರೆದರೆ ಮೊದಲ ಚತುರ್ಥಕ 153.5, ಮಧ್ಯಾಂಕ 161, ಮೂರನೆಯ ಚತುರ್ಥಕ 168. ಮೀಸೆಗಳು 147 ಮತ್ತು 177ರವರೆಗೆ. ಹೊರಗೆ ಚುಕ್ಕಿಯಿಲ್ಲ. ಮಧ್ಯಾಂಕದ ಗೆರೆ ಹೆಚ್ಚುಕಡಿಮೆ ನಡುವೆ ಇದೆ, ಮೀಸೆಗಳೂ ಸರಿಸುಮಾರು ಸಮ. ಎಂತಹ ಸಾಧು ಚಿತ್ರ! ಮಾನಕ ವಿಚಲನೆಯಂತೆ ಈ ಪೆಟ್ಟಿಗೆಯೂ ಒಳಗಿನ ಎರಡು ಗುಂಪುಗಳನ್ನು ಬಚ್ಚಿಟ್ಟಿದೆ. ಪೆಟ್ಟಿಗೆಯ ಹೊಟ್ಟೆಯಲ್ಲಿ ಮಕ್ಕಳು ದಟ್ಟವಾಗಿದ್ದಾರೋ ವಿರಳವಾಗಿದ್ದಾರೋ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಆದಕಾರಣ ಬಾಕ್ಸ್ ಪ್ಲಾಟನ್ನು ಗುಂಪು ಗುಂಪಾಗಿ, ಅಕ್ಕಪಕ್ಕದಲ್ಲಿ, ಒಂದೇ ಅಳತೆಗೋಲಿನ ಮೇಲೆ ಬರೆಯಬೇಕು. ಹುಡುಗಿಯರ ಪೆಟ್ಟಿಗೆ 151ರಿಂದ 157ರವರೆಗೆ. ಹುಡುಗರದು 165ರಿಂದ 171ರವರೆಗೆ. ಎರಡರ ಉದ್ದವೂ ಆರಾರು ಸೆಂಟಿಮೀಟರು. ಹರಡುವಿಕೆ ಒಂದೇ ತೆರನಾಗಿದ್ದು ಸ್ಥಾನ ಮಾತ್ರ ಬೇರೆಯಾಗಿದೆ ಎಂಬ ಸಂಗತಿಯನ್ನು ಈ ಎರಡು ಪೆಟ್ಟಿಗೆಗಳು ಒಂದೇ ನೋಟದಲ್ಲಿ ಹೇಳಿಬಿಡುತ್ತವೆ. ಮೀಸೆಯ ತುದಿಗಳು ಮಾತ್ರ 160 ಮತ್ತು 162ರ ನಡುವೆ ಒಂದನ್ನೊಂದು ದಾಟುತ್ತವೆ.

ಪೆಟ್ಟಿಗೆಯ ಇನ್ನೊಂದು ಉಪಯೋಗ ಬರವಣಿಗೆಯ ತಪ್ಪನ್ನು ಹಿಡಿಯುವುದು. 166 ಎಂಬುದನ್ನು ಕೈತಪ್ಪಿ 116 ಎಂದು ನಮೂದಿಸಿದರೆ ಏನಾಗುತ್ತದೆ ಎಂದು ಅವಳಿಂದ ಮಾಡಿಸಿ ನೋಡಿದೆ. ಇಪ್ಪತ್ತರಲ್ಲಿ ಒಂದೇ ಒಂದು ಅಂಕಿಯ ತಪ್ಪು. ಒಟ್ಟು ತರಗತಿಯ ಮಾನಕ ವಿಚಲನೆ 8.3ರಿಂದ 12.7ಕ್ಕೆ ಹಾರಿತು! ದೂರವನ್ನು ವರ್ಗ ಮಾಡುವುದರಿಂದ ದೂರದವನ ತೂಕ ಹೆಚ್ಚುತ್ತದೆ ಎಂದು ಹಿಂದೆ ಹೇಳಿದ್ದು ಇದಕ್ಕೇ. ಆದರೆ 12.7 ಎಂಬ ಸಂಖ್ಯೆ ತನ್ನಷ್ಟಕ್ಕೆ ತಾನು ‘ನಾನು ತಪ್ಪು’ ಎಂದು ಕೂಗುವುದಿಲ್ಲ. ಪೆಟ್ಟಿಗೆಯಾದರೋ ಹೆಚ್ಚು ಕದಲಲಿಲ್ಲ, ಮಧ್ಯಾಂಕ 161ರಿಂದ 159ಕ್ಕೆ ಇಳಿಯಿತು, ಅಷ್ಟೇ. ಮತ್ತು 116 ಎಂಬ ಚುಕ್ಕಿ ಮೀಸೆಯಾಚೆ ಒಂಟಿಯಾಗಿ ನಿಂತು ಬೆರಳು ಮಾಡಿ ತೋರಿಸಿತು.

ಇನ್ನೂ ಸೂಕ್ಷ್ಮವಾದ ತಪ್ಪೊಂದನ್ನು ಊಹಿಸಿ. ಹುಡುಗರ ಪಟ್ಟಿಯ 160 ಎಂಬುದು 150 ಎಂದಾಗಿದೆಯೆನ್ನಿ. ಇಡೀ ತರಗತಿಯ ಪೆಟ್ಟಿಗೆಯಲ್ಲಿ ಇದು ಸಿಕ್ಕಿಬೀಳುವುದೇ ಇಲ್ಲ, ಏಕೆಂದರೆ 150 ಎತ್ತರದ ಮಗು ತರಗತಿಯಲ್ಲಿ ಸಹಜವಾಗಿಯೇ ಇದೆ. ಹುಡುಗರ ಪೆಟ್ಟಿಗೆಯಲ್ಲಿ ಮಾತ್ರ 165ರಿಂದ ಕೆಳಕ್ಕೆ 9 ಸೆಂ.ಮೀ., ಅಂದರೆ 156, ಎಲ್ಲೆ. 150 ಅದರ ಹೊರಗೆ ಬೀಳುತ್ತದೆ. ಗುಂಪನ್ನು ಬೇರ್ಪಡಿಸಿದಾಗಲೇ ತಪ್ಪು ಕಾಣುತ್ತದೆ. ಆದರೆ ಒಂದು ಎಚ್ಚರಿಕೆ: ಹೊರಗೆ ಬಿದ್ದ ಚುಕ್ಕಿಯನ್ನು ರಬ್ಬರಿನಿಂದ ಅಳಿಸಬೇಡಿ. ಒಂದೂವರೆ ಪಟ್ಟು ಎಂಬುದು ಅನುಮಾನಪಡಲು ಇರುವ ಗೆರೆಯೇ ಹೊರತು ಶಿಕ್ಷೆ ವಿಧಿಸುವ ಗೆರೆಯಲ್ಲ. ಆ ಮಗುವನ್ನು ಕರೆದು ಮತ್ತೊಮ್ಮೆ ಅಳೆಯಿರಿ. ಅಳತೆ ನಿಜವಾಗಿದ್ದರೆ ಅದು ಹಾಗೆಯೇ ಇರಬೇಕು.

ಅಳೆಯುವಾಗಲೂ ಒಂದು ಮಾತು ಗಮನದಲ್ಲಿರಲಿ. ಹುಡುಗಿಯರನ್ನು ಬರಿಗಾಲಿನಲ್ಲಿಯೂ ಹುಡುಗರನ್ನು ಬೂಟಿನಲ್ಲಿಯೂ ಅಳೆದರೆ, ಹುಡುಗರೆಲ್ಲರೂ ಸುಮಾರು 3 ಸೆಂ.ಮೀ. ಒಟ್ಟಿಗೇ ಬೆಳೆದುಬಿಡುತ್ತಾರೆ. ಅವರ ಮಾನಕ ವಿಚಲನೆ ಆಗಲೂ 4.7 ಆಗಿಯೇ ಉಳಿಯುತ್ತದೆ. ಪೆಟ್ಟಿಗೆಯ ಉದ್ದವೂ ಬದಲಾಗುವುದಿಲ್ಲ. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಸೇರಿದ ತಪ್ಪನ್ನು ಹಿಡಿಯುವ ಸೂತ್ರವಿಲ್ಲ. ಎಲ್ಲರೂ ಬರಿಗಾಲು, ಹಿಮ್ಮಡಿ ಗೋಡೆಗೆ ತಾಗಿರಬೇಕು, ನೋಟ ನೇರವಾಗಿರಬೇಕು, ನೆತ್ತಿಯ ಮೇಲೆ ದಪ್ಪ ಪುಸ್ತಕವೊಂದನ್ನು ಗೋಡೆಗೆ ಲಂಬವಾಗಿ ಒತ್ತಿ ಹಿಡಿದು ಗುರುತು ಮಾಡಬೇಕು, ಜಡೆಯ ಗಂಟು ಪುಸ್ತಕದ ಅಡಿಗೆ ಸಿಗಬಾರದು. ಇವನ್ನು ಪ್ರಾಜೆಕ್ಟಿನಲ್ಲಿ ಬರೆದಿಡುವುದೂ ಲೆಕ್ಕದಷ್ಟೇ ಮುಖ್ಯ.

ಮನೆಯಲ್ಲಿ ಕಂಪ್ಯೂಟರಿನಲ್ಲಿ ತಾಳೆ ನೋಡುವವರಿಗೆ ಒಂದು ಸೂಚನೆ. ಎಕ್ಸೆಲ್‌ನಲ್ಲಿ STDEV.P ಎಂದರೆ 20ರಿಂದ ಭಾಗಿಸಿ 8.28 ಕೊಡುತ್ತದೆ, STDEV.S ಎಂದರೆ 19ರಿಂದ ಭಾಗಿಸಿ 8.49 ಕೊಡುತ್ತದೆ. ಎರಡೂ ಸರಿ, ಉತ್ತರಿಸುವ ಪ್ರಶ್ನೆಗಳು ಬೇರೆ. ಈ ಇಪ್ಪತ್ತು ಮಕ್ಕಳ ಬಗ್ಗೆ ಮಾತ್ರ ಹೇಳುವುದಾದರೆ ಮೊದಲನೆಯದು; ಇವರನ್ನು ಮಾದರಿಯಾಗಿಟ್ಟುಕೊಂಡು ದೊಡ್ಡ ಸಮುದಾಯವೊಂದರ ಬಗ್ಗೆ ಅಂದಾಜು ಮಾಡುವುದಾದರೆ ಎರಡನೆಯದು. ಅಂತೆಯೇ ಚತುರ್ಥಕಗಳನ್ನು ಕಾಣುವ ಪದ್ಧತಿಗಳೂ ಒಂದಕ್ಕಿಂತ ಹೆಚ್ಚು. ನಾವು 153.5 ಎಂದದ್ದನ್ನು ಅದೇ ಎಕ್ಸೆಲ್‌ನ QUARTILE.INC 153.75 ಎನ್ನುತ್ತದೆ. ಇಂತಹ ಅಲ್ಪ ವ್ಯತ್ಯಾಸಕ್ಕೆ ಮಗುವಿನ ಅಂಕ ಕಳೆಯಬಾರದು ಎಂದು ಬೋಧನಾ ವೃತ್ತಿಯಲ್ಲಿರುವ ನನ್ನ ಶಿಷ್ಯರಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ.

ಈಗ ಆ ಪಟ್ಟಿಯ ವಿಷಯ. 154 ಸೆಂ.ಮೀ. ಎತ್ತರದ ಹುಡುಗಿಯೊಬ್ಬಳು ‘ಸರಾಸರಿಗಿಂತ ಕಡಿಮೆ’ ಎಂಬ ಪಟ್ಟಿಯಲ್ಲಿದ್ದಳು. ತರಗತಿಯ ಸರಾಸರಿಗೆ ಹೋಲಿಸಿದರೆ ಅವಳು 7 ಸೆಂ.ಮೀ. ಕೆಳಗೆ. ಹುಡುಗಿಯರೊಡನೆ ಹೋಲಿಸಿದರೆ ಅವಳು ಸರಿಯಾಗಿ ಸರಾಸರಿಯ ಮೇಲೆಯೇ ನಿಂತಿದ್ದಾಳೆ, ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಆ ಪ್ರಾಜೆಕ್ಟನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವುದಿತ್ತು. ಹದಿನಾರರ ವಯಸ್ಸಿನಲ್ಲಿ, ಸಹಪಾಠಿಗಳೆಲ್ಲರ ಎದುರಿಗೆ, ‘ಪೌಷ್ಟಿಕ ಆಹಾರದ ಕೊರತೆ’ ಎಂಬ ಮಾತಿನ ಜೊತೆಗೆ ತನ್ನ ಕ್ರಮಸಂಖ್ಯೆಯನ್ನು ಕೇಳುವ ಆ ಹುಡುಗಿಯ ಸ್ಥಿತಿಯನ್ನು ಯೋಚಿಸಿ. ಲೆಕ್ಕ ಸರಿಯಿದ್ದೂ ಮಾತು ಸುಳ್ಳಾಗುವುದು ಹೀಗೆ. ಇನ್ನು 160ರ ಹುಡುಗನನ್ನು ನೋಡಿ: ಒಟ್ಟು ಲೆಕ್ಕದಲ್ಲಿ ಅವನು ಸರಾಸರಿಗೆ ಒಂದೇ ಸೆಂಟಿಮೀಟರು ಕಡಿಮೆ, ಹುಡುಗರ ಗುಂಪಿನಲ್ಲಿಯಾದರೋ ಎಲ್ಲರಿಗಿಂತ ಗಿಡ್ಡ. ಇಷ್ಟರಿಂದ ಅವನಿಗೂ ಕೊರತೆಯಿದೆ ಎನ್ನಲಾಗದು. ಯಾವ ಗುಂಪಿನಲ್ಲಿಯೂ ಯಾರಾದರೊಬ್ಬರು ಕೊನೆಯವರಾಗಿರಲೇಬೇಕು. ಬೆಳವಣಿಗೆಯ ಕೊರತೆಯನ್ನು ಹೇಳಬೇಕಾದವರು ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳ ಬೆಳವಣಿಗೆಯ ಪಟ್ಟಿಯನ್ನು ನೋಡುವ ವೈದ್ಯರು. ಇಪ್ಪತ್ತು ಮಂದಿಯ ಮಾನಕ ವಿಚಲನೆಗೆ ಆ ಅಧಿಕಾರವಿಲ್ಲ.

‘ಮಾನಕ ವಿಚಲನೆ’ಗೆ ಇಂಗ್ಲಿಷಿನಲ್ಲಿ ಇಂದು ಬಳಕೆಯಲ್ಲಿರುವ ಹೆಸರನ್ನು ಕೊಟ್ಟವರು ಕಾರ್ಲ್ ಪಿಯರ್‌ಸನ್. 1894ರ ಅವರ ಪ್ರಬಂಧದಲ್ಲಿ ಆ ಹೆಸರು ಮುದ್ರಣದಲ್ಲಿ ಕಾಣಿಸಿಕೊಂಡಿತು. ಆ ಪ್ರಬಂಧದ ವಿಷಯ ಏನೆಂಬುದು ನಮ್ಮ ಈ ಮಾತುಕತೆಗೆ ಚೆನ್ನಾಗಿ ಒಪ್ಪುತ್ತದೆ. ಇಟಲಿಯ ನೇಪಲ್ಸ್‌ನಲ್ಲಿ ಹಿಡಿದ ಏಡಿಗಳ ಅಳತೆಗಳನ್ನು ಇಟ್ಟುಕೊಂಡು, ಒಂದೇ ರೇಖೆಯಂತೆ ಕಾಣುವ ಹಂಚಿಕೆಯೊಳಗೆ ಎರಡು ಬೇರೆ ಬೇರೆ ಗುಂಪುಗಳು ಬೆರೆತಿವೆಯೇ ಎಂದು ಅವರು ಅಲ್ಲಿ ಪರೀಕ್ಷಿಸಿದ್ದರು. ಹೆಸರಿಟ್ಟವರೇ ಕೇಳಿದ ಪ್ರಶ್ನೆಯನ್ನು ನಾವು ನಮ್ಮ ಮಕ್ಕಳಿಂದ ಕೇಳಿಸದೆ, ಸೂತ್ರವನ್ನು ಮಾತ್ರ ಬಾಯಿಪಾಠ ಮಾಡಿಸಿದ್ದೇವೆ.

ನನ್ನ ಅಭಿಪ್ರಾಯವಿಷ್ಟು. ಇಂತಹ ಪ್ರಾಜೆಕ್ಟಿಗೆ 20 ಅಂಕಗಳಿದ್ದರೆ 10 ಅಂಕಗಳನ್ನು ತೀರ್ಮಾನಕ್ಕೇ ಇಡಬೇಕು. ಕ್ರಮ ಹೀಗಿರಲಿ: ಮೊದಲು ಇಬ್ಬಣ್ಣದ ಚುಕ್ಕಿಗಳು, ಆಮೇಲೆ ಅಕ್ಕಪಕ್ಕದ ಪೆಟ್ಟಿಗೆಗಳು, ಕೊನೆಯಲ್ಲಿ ಮಾನಕ ವಿಚಲನೆ. ಹೆಸರನ್ನಾಗಲಿ ಕ್ರಮಸಂಖ್ಯೆಯನ್ನಾಗಲಿ ವರದಿಯಲ್ಲಿ ತೋರಿಸಲೇಬಾರದು. ನಮ್ಮ ಹುಡುಗಿ ಪಟ್ಟಿಯ ಹಾಳೆಯನ್ನು ತೆಗೆದುಹಾಕಿ ಹೊಸದಾಗಿ ಬರೆದ ತೀರ್ಮಾನವನ್ನು ಅವಳ ಅನುಮತಿಯಿಂದ ಇಲ್ಲಿ ಕೊಡುತ್ತಿದ್ದೇನೆ:

‘ನಮ್ಮ ವಿಭಾಗದ ಹುಡುಗಿಯರ ಸರಾಸರಿ ಎತ್ತರ 154 ಸೆಂ.ಮೀ., ಮಾನಕ ವಿಚಲನೆ 4.1, ಹುಡುಗರ ಸರಾಸರಿ 168, ಮಾನಕ ವಿಚಲನೆ 4.7. ಎರಡು ಗುಂಪುಗಳ ಹರಡುವಿಕೆ ಬಹುತೇಕ ಒಂದೇ. ಒಟ್ಟು ಮಾನಕ ವಿಚಲನೆ 8.3 ಇರುವುದಕ್ಕೆ ಮುಖ್ಯ ಕಾರಣ ಎರಡು ಸರಾಸರಿಗಳ ನಡುವಿನ 14 ಸೆಂ.ಮೀ. ಅಂತರ. ಇಪ್ಪತ್ತೇ ವಿದ್ಯಾರ್ಥಿಗಳ ಅಳತೆಯಾದ್ದರಿಂದ ಬೇರೆ ತರಗತಿಗಳ ಬಗ್ಗೆ ಇದರಿಂದ ಏನೂ ಹೇಳಲಾಗದು. ಯಾರ ಆರೋಗ್ಯದ ಬಗ್ಗೆಯೂ ಇದು ಏನನ್ನೂ ಹೇಳುವುದಿಲ್ಲ.’

ಕೊನೆಯ ಎರಡು ವಾಕ್ಯಗಳು ಅವಳದೇ. ನಾನು ಹೇಳಿಕೊಟ್ಟದ್ದಲ್ಲ.